ಗದ್ದುಗೆ ಮಗನಿಗೆ, ಕೀಲಿಕೈ ಯಾರಿಗೆ?

ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ ವಿಜಯಪುರದ ಬಸ್ಸಿಗೆ ಕುಳಿತವರಿಗೆ ಇಂದಾಪುರ ಗೊತ್ತಿರುತ್ತದೆ. ಒಂದು ಕಡೆ ಉಜನಿ ಅಣೆಕಟ್ಟಿನ ಹಿನ್ನೀರು, ಇನ್ನೊಂದು ಕಡೆ ಕಬ್ಬು, ನಡುನಡುವೆ ಹಾಲಿನ ಟ್ಯಾಂಕರುಗಳ ಸಾಲು. ಇಲ್ಲಿ ನಿಂತ ಭೀಮೆಯ ನೀರೇ ಮುಂದೆ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹರಿದುಹೋಗುತ್ತದೆ. ಕಳೆದ ಕೆಲವು ವರ್ಷಗಳಿಂದ ನನ್ನ ಕೆಲಸ ಇದೇ ತಾಲ್ಲೂಕಿನಲ್ಲಿ. ಹಾಲು ಸಂಸ್ಕರಣೆ, ಯಂತ್ರದ ಬಿಡಿಭಾಗ ಇಂಥ ಕುಟುಂಬ ಉದ್ದಿಮೆಗಳಿಗೆ ಲೆಕ್ಕ, ದಾಸ್ತಾನು, ಖರೀದಿಯ ಸಾಫ್ಟ್‌ವೇರ್ ಅಳವಡಿಸಿ ಕೊಡುತ್ತೇನೆ. ಇತ್ತೀಚೆಗೆ ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತಿದೆ: 'ನಮ್ಮ ಮ್ಯಾನೇಜರು ರಿಟೈರ್ ಆಗುತ್ತಿದ್ದಾರೆ, ಅಷ್ಟರೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಬಿಡಿ.'

ಈ ಬೇಡಿಕೆಯಲ್ಲೇ ತಪ್ಪಿದೆ ಎನ್ನುವುದು ನನ್ನ ವಾದ. ಕುಟುಂಬದ ಉದ್ದಿಮೆಯಲ್ಲಿ ಉತ್ತರಾಧಿಕಾರವೆಂದರೆ ಯಾವ ಮಗ ಕುರ್ಚಿಯಲ್ಲಿ ಕೂರುತ್ತಾನೆ ಎಂಬ ಪ್ರಶ್ನೆ ಎಂದೇ ನಾವು ತಿಳಿದಿದ್ದೇವೆ. ನಾನು ಕಂಡಂತೆ ಉದ್ದಿಮೆ ಎಡವುವುದು ಅದರ ಕೆಳಗಿನ ಸಾಲಿನಲ್ಲಿ. ಮಾಲೀಕನ ಜೊತೆಗೇ ಬೆಳೆದು, ಅವನ ಜೊತೆಗೇ ಮುದುಕರಾದ ಮೂರ್ನಾಲ್ಕು ಜನ ಒಂದೇ ಅವಧಿಯಲ್ಲಿ ಎದ್ದು ಹೋಗುತ್ತಾರೆ. ಅದಕ್ಕೆ ಯಾರೂ ತಯಾರಿ ಮಾಡಿರುವುದಿಲ್ಲ.

ದೊಡ್ಡ ಮನೆತನಗಳ ಎರಡು ಉದಾಹರಣೆ

ಇಂದಾಪುರ ತಾಲ್ಲೂಕಿನಲ್ಲೇ ವಾಲಚಂದನಗರವಿದೆ. ವಾಲಚಂದ್ ಹೀರಾಚಂದ್ ಇಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿ, ಅದರ ಸುತ್ತ ಒಂದು ಊರನ್ನೇ ಕಟ್ಟಿದರು. ಕನ್ನಡಿಗರಿಗೆ ಅವರ ಪರಿಚಯ ಇನ್ನೊಂದು ದಾರಿಯಿಂದ ಇದೆ. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು ಅವರೇ. ಅದು ಇಂದಿನ ಎಚ್‌ಎಎಲ್. ಹಡಗು, ಕಾರು, ನಿರ್ಮಾಣ, ಸಕ್ಕರೆ ಹೀಗೆ ಹತ್ತಾರು ಕಡೆ ಕೈ ಹಾಕಿದ್ದ ಆ ಮನುಷ್ಯನಿಗೆ 1949ರಲ್ಲಿ ಪಾರ್ಶ್ವವಾಯು ಬಡಿಯಿತು. 1950ರಲ್ಲಿ ವ್ಯವಹಾರದಿಂದ ಹಿಂದೆ ಸರಿದರು, 1953ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಯೋಜನೆ ಹಾಕಲು ವಿಧಿ ಅವರಿಗೆ ಸಮಯ ಕೊಡಲಿಲ್ಲ. ಆದರೂ ಕಂಪನಿಗಳು ತಮ್ಮಂದಿರ ಮತ್ತು ಅವರ ಮಕ್ಕಳ ಕೈಯಲ್ಲಿ ಮುಂದೆ ನಡೆದವು. ಕೊನೆಯ ದಿನ ಹಸ್ತಾಂತರ ಮಾಡುವ ಪ್ರಮೇಯವೇ ಬಾರದಂತೆ ಕೆಲಸ ಮೊದಲೇ ಹಲವರಿಗೆ ಹಂಚಿಹೋಗಿದ್ದುದು ಇದಕ್ಕೆ ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ.

ಇನ್ನೊಂದು ಮನೆತನ ಕಿರ್ಲೋಸ್ಕರರದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಸೈಕಲ್ ಅಂಗಡಿ ಇಟ್ಟಿದ್ದು ಬೆಳಗಾವಿಯಲ್ಲಿ, ಕಿರ್ಲೋಸ್ಕರವಾಡಿ ಕಟ್ಟಿದ್ದು 1910ರಲ್ಲಿ. ಈ ಕುಟುಂಬ 2009ರಲ್ಲಿ ಒಂದು ಕೌಟುಂಬಿಕ ಒಪ್ಪಂದ ಪತ್ರ ಮಾಡಿಕೊಂಡಿತು. ಒಬ್ಬರ ವ್ಯಾಪಾರದಲ್ಲಿ ಇನ್ನೊಬ್ಬರು ಪೈಪೋಟಿಗೆ ಇಳಿಯಬಾರದು ಎಂಬ ವಿಷಯವೂ ಅದರಲ್ಲಿತ್ತು. ಅದರ ಅರ್ಥ ಏನೆಂಬ ಜಗಳವೇ ಮುಂದೆ ಸುಪ್ರೀಂ ಕೋರ್ಟ್ ತನಕ ಹೋಯಿತು. 2021ರಲ್ಲಿ ಕೋರ್ಟು ಮಧ್ಯಸ್ಥಿಕೆಯಿಂದ ಬಗೆಹರಿಸಿಕೊಳ್ಳಬಾರದೇಕೆ ಎಂದು ಕೇಳಿತು. ಅತ್ಯುತ್ತಮ ವಕೀಲರಿರುವ ಮನೆಯಲ್ಲೇ ಮಾಲೀಕತ್ವದ ಪತ್ರ ಇಷ್ಟು ಕಷ್ಟ ಕೊಡುತ್ತದೆ. ಹಾಗಿರುವಾಗ ಬರೀ ಪತ್ರ ಮಾಡಿಸಿ ನಿಶ್ಚಿಂತರಾಗುವ ಸಣ್ಣ ಮಾಲೀಕರು ಒಂದು ಯೋಚಿಸಬೇಕು. ಷೇರು ಯಾರಿಗೆ ಎಂಬುದನ್ನು ಪತ್ರ ಹೇಳುತ್ತದೆ. ನಾಳೆ ಬೆಳಗ್ಗೆ ಐದಕ್ಕೆ ಹಾಲಿನ ಟ್ಯಾಂಕರು ಗೇಟಿಗೆ ಬಂದಾಗ ಇಳಿಸಿಕೊಳ್ಳಬೇಕೋ ವಾಪಸ್ ಕಳಿಸಬೇಕೋ ಎಂಬುದನ್ನು ಅದು ಹೇಳುವುದಿಲ್ಲ.

ಒಂದು ಹಾಲಿನ ಘಟಕ, ಮೂವರು ಹಿರಿಯರು

ಇಲ್ಲಿ ನಾನು ನೋಡಿದ ಎರಡು ಮೂರು ಘಟಕಗಳನ್ನು ಕಲಸಿ ಒಂದಾಗಿ ಮಾಡಿದ್ದೇನೆ, ಅಂಕಿಗಳನ್ನು ದುಂಡಾಗಿಸಿದ್ದೇನೆ. ದಿನಕ್ಕೆ ಸುಮಾರು 60 ಸಾವಿರ ಲೀಟರ್ ಹಾಲು, 90 ಸಂಗ್ರಹಣಾ ಕೇಂದ್ರಗಳು, ರೈತರಿಗೆ ಹತ್ತು ದಿನಕ್ಕೊಮ್ಮೆ ಬಟವಾಡೆ. ಮಾಲೀಕರಿಗೆ 66 ವರ್ಷ. ಮಗ 33ರ ಎಂಜಿನಿಯರ್, ಘಟಕದಲ್ಲೇ ಇದ್ದಾನೆ. ಮಗಳು ಪುಣೆಯಲ್ಲಿ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದಾಳೆ.

ಮೂವರು ಮುಖ್ಯಸ್ಥರು. ಕಾರ್ಖಾನೆಯ ಮ್ಯಾನೇಜರಿಗೆ ಮುಂದಿನ ವರ್ಷ 58 ತುಂಬುತ್ತದೆ. ಹಾಲು ಸಂಗ್ರಹಣೆಯ ಮುಖ್ಯಸ್ಥರಿಗೆ 57. ಲೆಕ್ಕದ ಹಿರಿಯರಿಗೆ ಇನ್ನು ಹತ್ತು ತಿಂಗಳಲ್ಲಿ 58. ಮೂವರೂ ಘಟಕ ಶುರುವಾದ ಎರಡು ವರ್ಷದೊಳಗೆ ಸೇರಿದವರು. ಆಗ ಎಲ್ಲರಿಗೂ ಇಪ್ಪತ್ತೈದರ ಆಸುಪಾಸು. ಕುಟುಂಬ ಉದ್ದಿಮೆಗಳಲ್ಲಿ ಇದು ಆಕಸ್ಮಿಕವಲ್ಲ. ಸ್ಥಾಪಕ ತನ್ನ ವಯಸ್ಸಿನ ಹತ್ತಿರದವರನ್ನೇ ಜೊತೆಗೆ ಸೇರಿಸಿಕೊಳ್ಳುತ್ತಾನೆ, ಅವರು ಬಿಟ್ಟು ಹೋಗುವುದಿಲ್ಲ, ಅವರ ಕೆಳಗೆ ಎರಡನೆಯವನು ಬೆಳೆಯುವುದಿಲ್ಲ. ಮೂವತ್ತು ವರ್ಷದ ನಿಷ್ಠೆಯ ಬಿಲ್ಲು ಒಂದೇ ಸಲ ಬರುತ್ತದೆ. ನಿಮ್ಮ ಮನೆಯ ಉದ್ದಿಮೆಯಲ್ಲಿ ಅಪಾಯ ಎಷ್ಟಿದೆ ಎಂದು ತಿಳಿಯಲು ಒಂದು ಹಾಳೆ ಸಾಕು. ಮುಖ್ಯವಾದ ಹತ್ತು ಜನರ ಹೆಸರು, 58 ತುಂಬುವ ತಿಂಗಳು, ಅವರಿಲ್ಲದಾಗ ಕೆಲಸ ಮಾಡಬಲ್ಲ ಇನ್ನೊಬ್ಬರ ಹೆಸರು ಬರೆಯಿರಿ. ಮೂರನೇ ಕಾಲಂ ಖಾಲಿ ಇರುವ ಇಬ್ಬರು ಹದಿನೆಂಟು ತಿಂಗಳ ಒಳಗೇ ಹೋಗುವವರಿದ್ದರೆ ನೀವು ಈಗಲೇ ತಡ ಮಾಡಿದ್ದೀರಿ.

ಇಲ್ಲಿ ಮಗ ಈ ಮೂವರನ್ನೂ ಕಾಕಾ ಎಂದೇ ಕರೆಯುತ್ತಾನೆ. ಅವನನ್ನು ಎತ್ತಿ ಆಡಿಸಿದವರು ಅವರು. 'ಕಾಕಾ, ನಿಮ್ಮ ಕೆಲಸ ಯಾರಿಗೆ ಕಲಿಸುತ್ತೀರಿ' ಎಂದು ಕೇಳಿದರೆ 'ನೀವು ಯಾವಾಗ ಹೋಗುತ್ತೀರಿ' ಎಂದು ಕೇಳಿದಂತಾಗುತ್ತದೆ ಎಂದು ಅವನ ಅಳುಕು. ಅಪ್ಪನಿಗೂ ಅದೇ ಅಳುಕು. ಹೀಗಾಗಿ ವರ್ಷಗಳು ಕಳೆಯುತ್ತವೆ, ಕೊನೆಗೆ ನನ್ನಂಥವನನ್ನು ಕರೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಲು ಹೇಳುತ್ತಾರೆ. ಕೇಳಲು ಆಗದ ಪ್ರಶ್ನೆಯನ್ನು ಯಂತ್ರದ ಮೇಲೆ ಹಾಕುವ ಉಪಾಯ ಅದು.

ಹೋಗುವುದು ಏನು?

ಮೂವರ ಜೊತೆ ಮೂರು ಬೇರೆ ಬೇರೆ ವಸ್ತುಗಳು ಹೋಗುತ್ತವೆ. ಲೆಕ್ಕದವರ ಜೊತೆ ಸಹಿ ಹೋಗುತ್ತದೆ. ಸಂಗ್ರಹಣೆಯವರ ಜೊತೆ ತೀರ್ಮಾನ ಹೋಗುತ್ತದೆ. ಕಾರ್ಖಾನೆಯವರ ಜೊತೆ ಕಾನೂನಿನ ಹೊಣೆ ಮತ್ತು ಯಂತ್ರದ ತಿಳಿವಳಿಕೆ ಹೋಗುತ್ತದೆ. ಮೂರನ್ನೂ ಒಂದೇ ರೀತಿ ಹಸ್ತಾಂತರ ಮಾಡಲು ಬರುವುದಿಲ್ಲ, ಹಿಡಿಯುವ ಸಮಯವೂ ಬೇರೆ.

ಸಹಿಯಿಂದ ಶುರು ಮಾಡೋಣ, ಅದು ಸುಲಭ. ಜಿಎಸ್‌ಟಿ ಪೋರ್ಟಲ್ಲಿನ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ಭವಿಷ್ಯನಿಧಿಯ ಪೋರ್ಟಲ್ಲಿನ ಡಿಜಿಟಲ್ ಸಹಿ ಯಾರ ಹೆಸರಲ್ಲಿದೆ? ಬ್ಯಾಂಕಿಗೆ ಬಟವಾಡೆ ಫೈಲು ಹಾಕುವವರು ಯಾರು, ಒಪ್ಪಿಗೆ ಕೊಡುವವರು ಯಾರು? ವಿದ್ಯುತ್ ಸಂಪರ್ಕಕ್ಕೆ ಜೋಡಿಸಿದ ಮೊಬೈಲ್ ಯಾವುದು? ಈ ಘಟಕದಲ್ಲಿ ನಾಲ್ಕಕ್ಕೂ ಒಂದೇ ಉತ್ತರ, ಲೆಕ್ಕದ ಕಾಕಾ. ಅದೂ ಅವರ ಸ್ವಂತ ನಂಬರು. ಇದರಲ್ಲಿ ಮೋಸದ ಮಾತಿಲ್ಲ. ಆ ಕಾಲಕ್ಕೆ ಆಫೀಸಿನಲ್ಲಿ ಕೈಗೆ ಸಿಗುತ್ತಿದ್ದ ಮೊಬೈಲು ಅವರದೊಂದೇ. ಆದರೆ ಅವರು ನಿವೃತ್ತರಾಗಿ ಮಗಳ ಊರಿಗೆ ಹೋದ ಮೇಲೆ ಪ್ರತಿ ತಿಂಗಳು 20ರ ಹೊತ್ತಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಅವರಿಗೆ ಫೋನು ಮಾಡಿ ಒಟಿಪಿ ಕೇಳಬೇಕು. ಅವರ ನಂಬರು ಬದಲಾದ ದಿನ ಕಚೇರಿ ನಿಂತುಹೋಗುತ್ತದೆ.

ಪರಿಹಾರ ದುಬಾರಿಯಲ್ಲ. ಕಂಪನಿಯ ಹೆಸರಿನಲ್ಲಿ ಎರಡು ಸಿಮ್, ಕಂಪನಿಯ ಇಮೇಲ್ ವಿಳಾಸ, ಪ್ರತಿ ಪೋರ್ಟಲ್ಲಿಗೂ ಅಧಿಕೃತ ಸಹಿದಾರರ ಬದಲಾವಣೆ, ಬ್ಯಾಂಕಿಗೆ ಹೊಸ ನಿರ್ಣಯದ ಪ್ರತಿ. ಎಲ್ಲ ಸೇರಿ ಮೂರು ತಿಂಗಳ ಕೆಲಸ. ಮುಗಿದಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ. ಬಟವಾಡೆಯ ಹಿಂದಿನ ದಿನ ಲೆಕ್ಕದವರು ಫೋನು ಆರಿಸಿ ಮನೆಯಲ್ಲಿರಬೇಕು, ಮರುದಿನ ರೈತರ ಖಾತೆಗೆ ಹಣ ಬೀಳಬೇಕು. ಬಿದ್ದರೆ ಸಹಿ ಹಸ್ತಾಂತರವಾಗಿದೆ.

3.5 ಮತ್ತು 8.5ರ ಆಚೆ

ಸಂಗ್ರಹಣೆಯದೇ ನಿಜವಾದ ಕಷ್ಟ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಹಾರಾಷ್ಟ್ರದಲ್ಲಿ ಹಸುವಿನ ಹಾಲಿನ ದರಕ್ಕೆ ಆಧಾರ 3.5 ಫ್ಯಾಟ್, 8.5 ಎಸ್‌ಎನ್‌ಎಫ್, ಅಂದರೆ ಕೊಬ್ಬು ಮತ್ತು ಕೊಬ್ಬಿನ ಹೊರತಾದ ಘನಾಂಶದ ಶೇಕಡಾ ಪ್ರಮಾಣ. ಒಂದೊಂದು ಪಾಯಿಂಟಿಗೆ ದರ ಏರುತ್ತದೆ, ಇಳಿಯುತ್ತದೆ. ಆ ಕೋಷ್ಟಕ ಸಾಫ್ಟ್‌ವೇರಿನಲ್ಲಿದೆ. ಹಾಗಿದ್ದರೆ ಸಂಗ್ರಹಣೆಯ ಮುಖ್ಯಸ್ಥರು ಮಾಡುವುದೇನು? ನಾನು ಅವರಿಗೆ 'ನಿಮ್ಮ ಕೆಲಸ ಬರೆದುಕೊಡಿ' ಎಂದೆ. ಒಂದೂವರೆ ಪುಟ ಬಂತು. ಅದರಲ್ಲಿ ಇದ್ದದ್ದೆಲ್ಲ ಸಾಫ್ಟ್‌ವೇರಿಗೆ ಮೊದಲೇ ಗೊತ್ತಿತ್ತು. ಮೂವತ್ತು ವರ್ಷದ ಅನುಭವಿಗೆ ತನಗೆ ಏನು ಗೊತ್ತಿದೆ ಎಂಬುದೇ ಕಾಣುವುದಿಲ್ಲ, ಅದು ಅವನಿಗೆ ಉಸಿರಾಟದಂತೆ.

ಆಮೇಲೆ ಬೇರೆ ದಾರಿ ಹಿಡಿದೆ. ಕೋಷ್ಟಕದ ದರವನ್ನು ಯಾರಾದರೂ ಕೈಯಿಂದ ಬದಲಿಸಿದರೆ ಸಾಫ್ಟ್‌ವೇರ್ ಅದನ್ನು ದಾಖಲಿಸುತ್ತದೆ. ಹಿಂದಿನ ಒಂದು ವರ್ಷದ ಅಂಥ ಬದಲಾವಣೆಗಳನ್ನು ಮುದ್ರಿಸಿಕೊಂಡು, ಅವರ ಪಕ್ಕದಲ್ಲಿ ಕುಳಿತು, ಒಂದೊಂದಕ್ಕೂ 'ಇದು ಯಾಕೆ' ಎಂದು ಕೇಳಿದೆ. ಆಗ ಬಾಯಿ ಬಿಚ್ಚಿತು.

ಒಂದು ಉದಾಹರಣೆ. ಒಂದೇ ವಾರದಲ್ಲಿ ಎರಡು ಕೇಂದ್ರಗಳ ಎಸ್‌ಎನ್‌ಎಫ್ 8.6ರಿಂದ 8.2ರ ಹತ್ತಿರಕ್ಕೆ ಇಳಿದಿತ್ತು. ಕೋಷ್ಟಕದ ಪ್ರಕಾರ ಎರಡಕ್ಕೂ ಒಂದೇ ಕಡಿತ. ಅವರು ಒಂದಕ್ಕೆ ಕಡಿತ ಮಾಡದೆ ಹಳೆಯ ದರವನ್ನೇ ಕೊಟ್ಟಿದ್ದರು. ಇನ್ನೊಂದರ ಹಾಲನ್ನೇ ಎರಡು ದಿನ ನಿಲ್ಲಿಸಿದ್ದರು. ಕಾರಣ ಕೇಳಿದಾಗ ಹೇಳಿದರು: ಹಾಲಿಗೆ ನೀರು ಬೆರೆಸಿದರೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. 3.8 ಫ್ಯಾಟ್, 8.6 ಎಸ್‌ಎನ್‌ಎಫ್ ಇರುವ ಹಾಲಿನ ನೂರು ಪಾಲಿನಲ್ಲಿ ಐದು ಪಾಲು ನೀರಾದರೆ 3.61 ಮತ್ತು 8.17 ಬರುತ್ತದೆ. ಎರಡನೆಯ ಕೇಂದ್ರದ ಅಂಕಿ ಹೆಚ್ಚುಕಡಿಮೆ ಅದೇ ಆಗಿತ್ತು, ಅದೂ ಸುತ್ತಲಿನ ಊರುಗಳ ಹಾಲು ಚೆನ್ನಾಗಿರುವಾಗ. ಮೊದಲನೆಯ ಕೇಂದ್ರದಲ್ಲಿ ಫ್ಯಾಟ್ ಇಳಿದಿರಲೇ ಇಲ್ಲ, ಎಸ್‌ಎನ್‌ಎಫ್ ಮಾತ್ರ ಇಳಿದಿತ್ತು. ಪಕ್ಕದ ನಾಲ್ಕು ಊರುಗಳಲ್ಲೂ ಹಾಗೇ. ಅದು ಬೇಸಿಗೆಯ ಬಿಸಿಲು ಮತ್ತು ಮೇವಿನ ಕೊರತೆಯ ಲಕ್ಷಣ. ಅಲ್ಲಿ ಕಡಿತ ಮಾಡಿದರೆ ಪ್ರಾಮಾಣಿಕ ರೈತ ಮರುವಾರವೇ ಬೇರೆ ಡೇರಿಗೆ ಹಾಲು ಹಾಕುತ್ತಾನೆ, ಮಳೆ ಬಂದು ಹಾಲು ಸುಧಾರಿಸಿದ ಮೇಲೂ ತಿರುಗಿ ಬರುವುದಿಲ್ಲ.

ಈ ಅರ್ಧ ಭಾಗವನ್ನು ಸಾಫ್ಟ್‌ವೇರಿಗೆ ಕಲಿಸಬಹುದು, ಕಲಿಸಿದೆವು. ಎರಡೂ ಅಂಕಿ ಒಂದೇ ಪ್ರಮಾಣದಲ್ಲಿ ಇಳಿದರೆ ಒಂದು ಎಚ್ಚರಿಕೆ, ನೆರೆಯ ಕೇಂದ್ರಗಳೂ ಇಳಿದಿದ್ದರೆ ಇನ್ನೊಂದು ಸೂಚನೆ. ಉಳಿದರ್ಧ ಕಲಿಸಲು ಬರುವುದಿಲ್ಲ. ನೀರು ಬೆರೆತದ್ದು ಖಚಿತವಾದ ಮೇಲೆ ಕೇಂದ್ರದವನನ್ನು ಎಲ್ಲರೆದುರು ಬೈಯಬೇಕೋ, ಅವನ ಮಾವನ ಕಿವಿಗೆ ಹಾಕಬೇಕೋ, ಹಾಲು ನಿಲ್ಲಿಸಬೇಕೋ? ಮುಂಗಡ ಕೇಳಿ ಬಂದ ರೈತನಲ್ಲಿ ಯಾರಿಗೆ ಕೊಟ್ಟರೆ ಮರಳುತ್ತದೆ? ಇದು ಜೊತೆಗೆ ಓಡಾಡಿಯೇ ಕಲಿಯಬೇಕಾದದ್ದು. ಹಾಲು ಉಕ್ಕುವ ಚಳಿಗಾಲ, ಹಾಲು ಬತ್ತುವ ಬೇಸಿಗೆ ಎರಡನ್ನೂ ನೋಡದೆ ಅದು ಬರುವುದಿಲ್ಲ. ಆದ್ದರಿಂದ ಇಲ್ಲಿ ಹಸ್ತಾಂತರಕ್ಕೆ ಕನಿಷ್ಠ ಒಂದು ಪೂರ್ತಿ ವರ್ಷ ಬೇಕು. ಕೊನೆಯ ಮೂರು ತಿಂಗಳಲ್ಲಿ ಕಲಿಸಿದರೆ ಒಂದೇ ಋತುವನ್ನು ಕಲಿಸಿದಂತೆ.

ಕಾರ್ಖಾನೆಯ ಹೊಣೆ

ಕಾರ್ಖಾನೆಯ ಮ್ಯಾನೇಜರ್ ಎಂಬುದು ಬರೀ ಹುದ್ದೆಯ ಹೆಸರಲ್ಲ, ಕಾನೂನಿನ ಹೆಸರೂ ಹೌದು. 1948ರ ಕಾರ್ಖಾನೆ ಕಾಯ್ದೆ ಹೊಸ ಮ್ಯಾನೇಜರ್ ಕೆಲಸ ವಹಿಸಿಕೊಂಡ ಏಳು ದಿನದೊಳಗೆ ಇನ್ಸ್‌ಪೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ಹೇಳಿತ್ತು. ಆ ಜಾಗ ಖಾಲಿ ಇರುವಷ್ಟು ದಿನ ಮ್ಯಾನೇಜರನ ಕೆಲಸ ಮಾಡುತ್ತಿರುವವನನ್ನೇ, ಅಂಥವನೂ ಇಲ್ಲದಿದ್ದರೆ ಮಾಲೀಕನನ್ನೇ ಮ್ಯಾನೇಜರ್ ಎಂದು ಪರಿಗಣಿಸುತ್ತಿತ್ತು. ಇದರ ಅರ್ಥ ಮಗನಿಗೆ ತಿಳಿಸಿ ಹೇಳಬೇಕು. ಯಾರನ್ನೂ ನೇಮಿಸದೆ 'ನಾನೇ ನೋಡಿಕೊಳ್ಳುತ್ತೇನೆ' ಎಂದು ಎರಡು ತಿಂಗಳು ಓಡಾಡಿದರೆ, ಆ ಅವಧಿಯಲ್ಲಿ ನಡೆದ ಅಪಘಾತಕ್ಕೆ ಉತ್ತರ ಕೊಡಬೇಕಾದವನು ಅವನೇ. ಆಹಾರ ಸುರಕ್ಷತೆಯ ಪರವಾನಗಿಯಲ್ಲೂ ಕಂಪನಿ ಹೊಣೆಗಾರನೊಬ್ಬನ ಹೆಸರು ಕೊಟ್ಟಿರುತ್ತದೆ. ಅದನ್ನೂ ಬದಲಿಸಬೇಕು. ಬಾಯ್ಲರ್ ನಡೆಸಲು ಪ್ರಮಾಣಪತ್ರ ಇರುವ ಅಟೆಂಡೆಂಟ್ ಬೇಕೇ ಬೇಕು, ಅದು ಪರೀಕ್ಷೆ ಪಾಸಾಗಿ ಪಡೆಯುವಂಥದ್ದು. ಈ ಘಟಕದಲ್ಲಿ ಇದ್ದ ಇಬ್ಬರಲ್ಲಿ ಒಬ್ಬನಿಗೆ 56. ಅವನ ಸಹಾಯಕನನ್ನು ಈ ವರ್ಷವೇ ಪರೀಕ್ಷೆಗೆ ಕೂರಿಸಬೇಕು ಎಂಬುದು ಹಾಳೆಯ ಮೇಲೆ ವಯಸ್ಸು ಬರೆದಾಗಲೇ ಕಂಡದ್ದು.

ಹಣದ ಲೆಕ್ಕ

ಮಾಲೀಕರು ಈ ಮಾತನ್ನು ಮುಂದೂಡಲು ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಗ್ರಾಚ್ಯುಟಿ. ಲೆಕ್ಕ ಸರಳ. ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು.

ಕಾರ್ಖಾನೆಯವರ ವೇತನ 45 ಸಾವಿರ, ಸೇವೆ 32 ವರ್ಷ: ಸುಮಾರು 8.31 ಲಕ್ಷ. ಸಂಗ್ರಹಣೆಯವರದು 40 ಸಾವಿರ, 31 ವರ್ಷ: 7.15 ಲಕ್ಷ. ಲೆಕ್ಕದವರದು 38 ಸಾವಿರ, 30 ವರ್ಷ: 6.58 ಲಕ್ಷ. ಮೂವರದೂ ಸೇರಿ 22 ಲಕ್ಷ, ರಜೆಯ ಹಣ ಬೇರೆ. ಕೊಡಬೇಕಾದ ದಿನದಿಂದ ಮೂವತ್ತು ದಿನದೊಳಗೆ ಕೊಡಬೇಕು. ಇಂಥ ಎಷ್ಟೋ ಘಟಕಗಳಲ್ಲಿ ಇದಕ್ಕೆಂದು ತೆಗೆದಿಟ್ಟ ಹಣ ಇರುವುದಿಲ್ಲ. ಆಗ ಮಾಲೀಕ 'ಇನ್ನೆರಡು ವರ್ಷ ಇರಿ' ಎನ್ನುತ್ತಾನೆ. ಹಿರಿಯರಿಗೆ ಅದು ಪ್ರೀತಿಯಂತೆ ಕೇಳಿಸುತ್ತದೆ, ಕೆಲವು ಸಲ ಪ್ರೀತಿಯೂ ಇರುತ್ತದೆ. ಆದರೆ ಎಲ್ಲ ಮೂವರಿಗೂ ಎರಡೆರಡು ವರ್ಷ ಕೊಟ್ಟರೆ ಸಮಸ್ಯೆ ಹಾಗೇ ಎರಡು ವರ್ಷ ಮುಂದೆ ಹೋಗುತ್ತದೆ. ಮೂವರೂ ಆಗಲೂ ಒಟ್ಟಿಗೇ ಹೋಗುತ್ತಾರೆ, ಆ ಹೊತ್ತಿಗೆ ಮೊತ್ತವೂ ಬೆಳೆದಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಮುಂದುವರಿಕೆ ಒಬ್ಬರಿಗೆ ಮಾತ್ರ ಕೊಡಬೇಕು, ಅದೂ ಸಂಗ್ರಹಣೆಯವರಿಗೆ. 58ಕ್ಕೆ ಅವರ ಗ್ರಾಚ್ಯುಟಿಯನ್ನು ಪೂರ್ತಿ ಕೊಟ್ಟು, ಗೌರವದಿಂದ ಬೀಳ್ಕೊಟ್ಟು, ಮರುದಿನ ಒಂದು ವರ್ಷದ ಹೊಸ ಕರಾರಿನ ಮೇಲೆ ಕರೆಯಬೇಕು. ಕೆಲಸ ಕಲಿಸುವುದಷ್ಟೇ. ದರ ಬದಲಿಸುವ, ಮುಂಗಡ ಕೊಡುವ ಅಧಿಕಾರ ಅವರಿಗೆ ಇರಬಾರದು. ಇದು ಕಠಿಣವೆನಿಸಬಹುದು. ಆದರೆ ಅಧಿಕಾರ ಅವರ ಕೈಯಲ್ಲೇ ಉಳಿದರೆ ಕೇಂದ್ರದವರೆಲ್ಲ ಅವರಿಗೇ ಫೋನು ಮಾಡುತ್ತಾರೆ, ಹೊಸಬ ಜೀಪು ಓಡಿಸುವವನಾಗಿಯೇ ಉಳಿಯುತ್ತಾನೆ.

ಯಾರಿಗೆ, ಎಷ್ಟು?

ಹಾಗಾದರೆ ಹೊಸಬ ಯಾರು? ಮಾಲೀಕರ ಮೊದಲ ಉತ್ತರ ಮಗ. ಮಗನೇ ಸಂಗ್ರಹಣೆ, ಮಗನೇ ಕಾರ್ಖಾನೆ, ಮಗನೇ ಲೆಕ್ಕ. ಅಪ್ಪನ ಜಾಗಕ್ಕೂ ಅವನೇ ಬೇಕು. ಒಬ್ಬ ಮನುಷ್ಯ ನಾಲ್ಕು ಕುರ್ಚಿಯಲ್ಲಿ ಕೂರಲಾರ. ಸಂಗ್ರಹಣೆಯಲ್ಲಿ ಹನ್ನೊಂದು ವರ್ಷದಿಂದ ಇರುವ ಒಬ್ಬ ಮೇಲ್ವಿಚಾರಕನಿದ್ದಾನೆ, ರೈತರ ಮಗ, ಡಿಪ್ಲೊಮಾ ಓದಿದವನು. ಕೆಲಸಕ್ಕೆ ಸರಿಯಾದವನು ಅವನೇ. ಲೆಕ್ಕಕ್ಕೆ ಸರಿಯಾದವಳು ಪುಣೆಯಲ್ಲಿರುವ ಮಗಳು. ವಾರಕ್ಕೆ ಒಂದು ದಿನ ಬಂದು, ಉಳಿದದ್ದನ್ನು ಅಲ್ಲಿಂದಲೇ ನೋಡಬಲ್ಲಳು. ಅವಳ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಮದುವೆಯಾದ ಮಗಳು ಅಂದರೆ ಹೊರಗಿನವಳು ಎಂಬ ಎಣಿಕೆ. ಆದರೆ ಸಹಿ ಮಾಡುವ ಜಾಗದಲ್ಲಿ ವಿಶ್ವಾಸವೂ ಬೇಕು, ವಿದ್ಯೆಯೂ ಬೇಕು. ಆ ಮನೆಯಲ್ಲಿ ಎರಡೂ ಇರುವುದು ಅವಳಲ್ಲಿ ಮಾತ್ರ.

ಮೇಲ್ವಿಚಾರಕನನ್ನು ಬಡ್ತಿ ಕೊಟ್ಟು ಸುಮ್ಮನಿದ್ದರೆ ಸಾಲದು. ಅವನ ಅಧಿಕಾರವನ್ನು ಅಂಕಿಯಲ್ಲಿ ಬರೆಯಬೇಕು. ಉದಾಹರಣೆಗೆ ಒಂದು ಕೇಂದ್ರಕ್ಕೆ ಲೀಟರಿಗೆ 50 ಪೈಸೆಯ ತನಕ, ಹತ್ತು ದಿನದ ಒಂದು ಬಟವಾಡೆಗೆ, ಯಾರನ್ನೂ ಕೇಳದೆ ದರ ಸಡಿಲಿಸಬಹುದು. ಒಬ್ಬ ರೈತನಿಗೆ 25 ಸಾವಿರದ ತನಕ ಮುಂಗಡ ಕೊಡಬಹುದು. ಅದಕ್ಕಿಂತ ಹೆಚ್ಚಾದರೆ ಮಗನನ್ನು ಕೇಳಬೇಕು. ಈ ಮಿತಿಯೊಳಗಿನ ತೀರ್ಮಾನವನ್ನು ಮಾಲೀಕರು ಒಮ್ಮೆಯಾದರೂ ರೈತರೆದುರು ಬದಲಿಸಿದರೆ ಮರುದಿನದಿಂದ ಎಲ್ಲರೂ ಮಾಲೀಕರ ಮನೆಗೇ ಬರುತ್ತಾರೆ, ಅವನ ಮಾತಿಗೆ ಬೆಲೆ ಇರುವುದಿಲ್ಲ. ಸಂಬಳವೂ ಹುದ್ದೆಗೆ ತಕ್ಕಂತೆ ಏರಬೇಕು. ಹಳಬರು 40 ಸಾವಿರಕ್ಕೆ ಮೂವತ್ತು ವರ್ಷ ಇದ್ದರು. ಕಲಿತ ಹೊಸಬನನ್ನು ಪಕ್ಕದ ಡೇರಿ ಒಂದೇ ಫೋನಿನಲ್ಲಿ ಕರೆದುಕೊಳ್ಳುತ್ತದೆ.

ಹಸ್ತಾಂತರ ಆಗುತ್ತಿದೆಯೇ ಎಂದು ನೋಡಲು ರಜೆಯೇ ಸರಿಯಾದ ಅಳತೆ. ಸಂಗ್ರಹಣೆಯವರು ಹದಿನೈದು ದಿನ ರಜೆ ಹೋಗಲಿ, ಆ ದಿನಗಳಲ್ಲಿ ಅವರಿಗೆ ಹೋದ ಪ್ರತಿ ಫೋನನ್ನೂ ಒಂದು ವಹಿಯಲ್ಲಿ ಬರೆಯಲಿ. ಮೊದಲ ಸಲ ನಲವತ್ತು ಫೋನು ಹೋಗಬಹುದು. ಆ ನಲವತ್ತೇ ಮುಂದಿನ ಆರು ತಿಂಗಳ ಪಾಠಪಟ್ಟಿ. ಎರಡನೇ ರಜೆಯಲ್ಲಿ ಅದು ಹತ್ತಕ್ಕೆ ಇಳಿಯದಿದ್ದರೆ ಇಬ್ಬರಲ್ಲಿ ಒಬ್ಬರು ಕಲಿಸುತ್ತಿಲ್ಲ ಅಥವಾ ಕಲಿಯುತ್ತಿಲ್ಲ, ಅಥವಾ ಮಾಲೀಕರು ಅಧಿಕಾರ ಬಿಡುತ್ತಿಲ್ಲ. ಮೂರರಲ್ಲಿ ಯಾವುದು ಎಂದು ಫೋನುಗಳ ವಿಷಯ ಓದಿದರೆ ಗೊತ್ತಾಗುತ್ತದೆ. 'ಹೇಗೆ ಮಾಡಲಿ' ಎಂಬ ಫೋನು ಕಲಿಕೆಯ ಕೊರತೆ. 'ಮಾಡಲಾ' ಎಂಬ ಫೋನು ಅಧಿಕಾರದ ಕೊರತೆ.

ಎಲ್ಲ ಕಡೆ ಇದು ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಳಗಿನ ಸಾಲಿನಲ್ಲಿ ಯಾರೂ ಇಲ್ಲದ, ಮಕ್ಕಳಿಗೂ ಮನಸ್ಸಿಲ್ಲದ ಘಟಕಗಳಿವೆ. ಅಂಥವರು ಹಿರಿಯರು ಇನ್ನೂ ಕೆಲಸದಲ್ಲಿರುವಾಗಲೇ ಪ್ಯಾಕೆಟ್ ಹಾಲಿನ ವ್ಯಾಪಾರ ಬಿಟ್ಟು ದೊಡ್ಡ ಡೇರಿಗೆ ಶೈತ್ಯೀಕರಿಸಿದ ಹಾಲು ಪೂರೈಸುವವರಾಗಬಹುದು, ಅಥವಾ ಮಾರಬಹುದು. ಕೊಳ್ಳುವವನು ದುಡ್ಡು ಕೊಡುವುದು ಕಟ್ಟಡಕ್ಕಿಂತ ಹೆಚ್ಚಾಗಿ ಆ ತೊಂಬತ್ತು ಕೇಂದ್ರಗಳಿಗೆ. ಕೇಂದ್ರಗಳನ್ನು ಹಿಡಿದಿಟ್ಟಿರುವ ಮನುಷ್ಯ ಹೋದ ಮೇಲೆ ಮಾರಲು ಹೊರಟರೆ ಹಳೆಯ ಕಬ್ಬಿಣದ ಬೆಲೆ ಸಿಗುತ್ತದೆ.

ನಮ್ಮ ಮನೆಗಳ ಮಾತು

ಈ ಅಂಕಣ ಓದುವ ಅನೇಕರು ಇದೇ ಕಥೆಯ ಇನ್ನೊಂದು ತುದಿಯಲ್ಲಿದ್ದೀರಿ. ದಾವಣಗೆರೆಯಲ್ಲಿ ಅಪ್ಪನ ಮಂಡಕ್ಕಿ ಭಟ್ಟಿ, ಗದಗಿನಲ್ಲಿ ದೊಡ್ಡಪ್ಪನ ಪ್ರೆಸ್, ಪುಣೆ ಮುಂಬಯಿಗಳಲ್ಲಿ ಮಾವನ ಉಡುಪಿ ಹೋಟೆಲು. ಹೋಟೆಲಿನ ಭಟ್ಟರಿಗೆ ಅರವತ್ತು, ಗಲ್ಲಾದಲ್ಲಿ ಕೂರುವವರಿಗೆ ಅರವತ್ತೆರಡು. ಒಂದು ದಿನ ಊರಿನಿಂದ ಫೋನು ಬರುತ್ತದೆ: 'ಮ್ಯಾನೇಜರು ಬಿಡ್ತಾರಂತೆ, ನೀನು ಬಾ.' ನಾವು ಹೋಗುವುದೋ ಬಿಡುವುದೋ ಎಂಬ ತೊಳಲಾಟಕ್ಕೆ ಬೀಳುತ್ತೇವೆ. ಹೆಂಡತಿಯ ಕೆಲಸ, ಮಕ್ಕಳ ಶಾಲೆ, ಮನೆಯ ಸಾಲ ಎಲ್ಲ ಎದುರು ನಿಲ್ಲುತ್ತವೆ.

ಆ ಫೋನು ಬರುವ ಮೊದಲೇ, ಈ ದೀಪಾವಳಿಗೆ ಊರಿಗೆ ಹೋದಾಗ, ಅಪ್ಪನ ಜೊತೆ ಕುಳಿತು ಆ ಮೂರು ಕಾಲಮ್ಮಿನ ಹಾಳೆ ಬರೆಯಿರಿ. ಒಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದು ಕೇಳಿ. ಗ್ರಾಚ್ಯುಟಿಯ ಮೊತ್ತ ಎಷ್ಟಾಗುತ್ತದೆ ಎಂದು ಅಲ್ಲೇ ಲೆಕ್ಕ ಹಾಕಿ. ಇದಕ್ಕೆ ಕೆಲಸ ಬಿಟ್ಟು ಹೋಗಬೇಕಿಲ್ಲ, ಒಂದು ಮಧ್ಯಾಹ್ನ ಸಾಕು. ಹೊರಗೆ ಇರುವವರಾದ್ದರಿಂದ ನಮಗೆ ಒಂದು ಅನುಕೂಲವೂ ಇದೆ. ಒಳಗಿರುವ ಮಗ ಕಾಕಾನನ್ನು ಕೇಳಲಾರದ ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಬರುವ ನಾವು ಕೇಳಬಹುದು. ಆ ಹಿರಿಯರೂ ಸಾಮಾನ್ಯವಾಗಿ ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಮೂವತ್ತು ವರ್ಷ ಮಾಡಿದ ಕೆಲಸ ತಮ್ಮ ನಂತರ ಕೆಟ್ಟುಹೋಗಲಿ ಎಂದು ಅವರಲ್ಲಿ ಯಾರೂ ಬಯಸಿದ್ದನ್ನು ನಾನು ಕಂಡಿಲ್ಲ.

ಆಮೇಲೂ ನೀವೇ ಹಿಂತಿರುಗಬೇಕೆನಿಸಿದರೆ ಹೋಗಿ. ಆದರೆ ಅಪ್ಪನ ಕುರ್ಚಿಗೆ ಹೋಗಿ, ಮ್ಯಾನೇಜರರ ಕುರ್ಚಿಗೆ ಬೇಡ. ಆ ಕುರ್ಚಿಗೆ ಹನ್ನೊಂದು ವರ್ಷದಿಂದ ಜೀಪಿನಲ್ಲಿ ಹಿಂದೆ ಕೂತು ಬಂದವನೊಬ್ಬ ಇರುತ್ತಾನೆ. ಅವನ ಹೆಸರು ಮೊದಲು ಕೇಳಿ ತಿಳಿದುಕೊಳ್ಳಿ.